ಅಲ್ಲಿ ಸರಿಯಿದ್ದ ಸ್ಲೈಡು ಇಲ್ಲೇಕೆ ಕೆಟ್ಟಿತು?

ಪವರ್‌ಪಾಯಿಂಟ್‌ನಲ್ಲಿ ಒಂದೇ ಸಾಲಿನಲ್ಲಿ ಕೂತಿದ್ದ ಶೀರ್ಷಿಕೆ ಗೂಗಲ್ ಸ್ಲೈಡ್ಸ್‌ನಲ್ಲಿ ತೆರೆದಾಗ ಎರಡು ಸಾಲಾಗಿ, ಕೆಳಗಿನ ಚಿತ್ರದ ಮೇಲೆ ಇಳಿದಿರುತ್ತದೆ. ಅದೇ ಕಡತವನ್ನು ಮ್ಯಾಕ್‌ನ ಕೀನೋಟ್‌ನಲ್ಲಿ ತೆರೆದರೆ ಕೋಷ್ಟಕದ ಕೊನೆಯ ಸಾಲು ಪರದೆಯಿಂದ ಹೊರಗೆ ಹೋಗಿರುತ್ತದೆ, ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಕೊಂಬುಗಳಿಗೆ ತಾಗುತ್ತಿರುತ್ತವೆ. ಉಪನ್ಯಾಸಕ್ಕೆ ಇನ್ನು ಅರ್ಧ ಗಂಟೆ ಇರುವಾಗ ಇದನ್ನು ಕಂಡವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಮೊದಲ ಸ್ಲೈಡಿನಿಂದ ಶುರುಮಾಡಿ ಒಂದೊಂದೇ ಪೆಟ್ಟಿಗೆಯನ್ನು ಎಳೆದು, ಅಕ್ಷರ ಸಣ್ಣದು ಮಾಡಿ, ಮತ್ತೆ ಕೂರಿಸುವುದು. ಅದು ರೋಗ ಬಿಟ್ಟು ಲಕ್ಷಣಕ್ಕೆ ಮದ್ದು ಮಾಡಿದಂತೆ. ಇಪ್ಪತ್ತು ಸ್ಲೈಡುಗಳಲ್ಲಿ ನೂರು ಕಡೆ ಕಾಣುವ ಈ ಕೆಡುಕಿಗೆ ಹೆಚ್ಚಾಗಿ ಎರಡೋ ಮೂರೋ ಕಾರಣಗಳಿರುತ್ತವೆ. ಅವನ್ನು ಸರಿಯಾದ ಕ್ರಮದಲ್ಲಿ ಹಿಡಿದರೆ ಬಹುಪಾಲು ಸ್ಲೈಡುಗಳು ತಾವಾಗಿಯೇ ಸರಿಹೋಗುತ್ತವೆ.

ಕಡತದೊಳಗೆ ಅಕ್ಷರವಿಲ್ಲ, ಹೆಸರಿದೆ

ಸ್ಲೈಡಿನ ಕಡತದಲ್ಲಿ ಅಕ್ಷರಗಳ ಆಕಾರವೂ ಹೋಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ನಿಜದಲ್ಲಿ ಅದು ಅಡುಗೆ ಭಟ್ಟರು ಬರೆದುಕೊಡುವ ಸಾಮಾನಿನ ಪಟ್ಟಿಯ ಹಾಗೆ. ಯಾವ ಅಕ್ಕಿ, ಎಷ್ಟು ಸೇರು ಎಂದು ಅದರಲ್ಲಿದೆ, ಅಕ್ಕಿ ಮಾತ್ರ ಇಲ್ಲ. 2007ರಿಂದ ಬಳಕೆಯಲ್ಲಿರುವ ಪಿಪಿಟಿಎಕ್ಸ್ ಕಡತ ಒಂದು ಜಿಪ್ ಗಂಟು. ಪ್ರತಿಯನ್ನು ಮಾಡಿಕೊಂಡು ಅದರ ಬಾಲವನ್ನು .zip ಎಂದು ಬದಲಿಸಿ ಬಿಚ್ಚಿದರೆ ಒಳಗೆ ಪಠ್ಯದ ಕಡತಗಳು ಕಾಣುತ್ತವೆ. ಒಂದು ಕನ್ನಡ ಸಾಲಿನ ಬಗ್ಗೆ ಅಲ್ಲಿ ಬರೆದಿರುವುದು ಹೆಚ್ಚುಕಡಿಮೆ ಇಷ್ಟು:

```xml
<a:rPr lang="kn-IN" sz="2800">
  <a:latin typeface="Calibri"/>
  <a:cs typeface="Nirmala UI"/>
</a:rPr>
```

ಭಾಷೆ ಕನ್ನಡ, ಗಾತ್ರ 28 ಪಾಯಿಂಟ್ (ಇಲ್ಲಿ ಗಾತ್ರವನ್ನು ನೂರರಿಂದ ಗುಣಿಸಿ ಬರೆಯುತ್ತಾರೆ), ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಗೆ ಕ್ಯಾಲಿಬ್ರಿ, ಕನ್ನಡದಂಥ ಸಂಯುಕ್ತ ಲಿಪಿಗೆ ನಿರ್ಮಲಾ ಯುಐ. ಒಂದೇ ಸಾಲಿಗೆ ಎರಡು ಫಾಂಟುಗಳು, ಎರಡೂ ಬರೀ ಹೆಸರು. ತೆರೆದ ಕಂಪ್ಯೂಟರಿನಲ್ಲಿ ಆ ಹೆಸರಿನ ಫಾಂಟ್ ಇದ್ದರೆ ಸರಿ. ಇಲ್ಲದಿದ್ದರೆ ತಂತ್ರಾಂಶ ತನಗೆ ಸಿಕ್ಕ ಬೇರೊಂದು ಫಾಂಟನ್ನು ತಂದು ಸಾಲನ್ನು ಹೊಸದಾಗಿ ಬಿಡಿಸುತ್ತದೆ.

ಕನ್ನಡಕ್ಕೆ ಇಲ್ಲಿ ತೊಡಕು ಹೆಚ್ಚು. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ತಾನಾಗಿ ಇರುತ್ತದೆ. ಅದಕ್ಕೂ ಹಿಂದಿನ ತುಂಗಾ ಫಾಂಟ್ ವಿಂಡೋಸ್ 10ರಲ್ಲಿ ತಾನಾಗಿ ಸಿಗುವುದಿಲ್ಲ, Optional features ಪಟ್ಟಿಯಲ್ಲಿ Kannada Supplemental Fonts ಎಂಬುದನ್ನು ಸೇರಿಸಿಕೊಳ್ಳಬೇಕು. ಆದರೆ ಆಫೀಸಿನ ಮೂಲ ಥೀಮ್ ಕಡತದಲ್ಲಿ ಕನ್ನಡ ಲಿಪಿಯ ಎದುರು ಬರೆದಿರುವುದು ಇದೇ ತುಂಗಾದ ಹೆಸರು. ಮ್ಯಾಕ್‌ನಲ್ಲಿ ಈ ಎರಡೂ ಬರುವುದಿಲ್ಲ, ಅಲ್ಲಿ ಕನ್ನಡ ಎಂಎನ್ ಮತ್ತು ಕನ್ನಡ ಸಂಗಮ್ ಎಂಎನ್ ಇರುತ್ತವೆ. ಗೂಗಲ್ ಸ್ಲೈಡ್ಸ್ ಬಳಸುವುದು ಗೂಗಲ್‌ನದೇ ಫಾಂಟ್ ಸಂಗ್ರಹವನ್ನು, ಅಲ್ಲಿ ಕನ್ನಡಕ್ಕೆ ನೋಟೋ, ಬಾಲೂ ತಮ್ಮ, ಹುಬ್ಬಳ್ಳಿ ಮೊದಲಾದವು ಇವೆ. ಈ ಫಾಂಟುಗಳನ್ನು ಒಂದರ ಅಳತೆಗೆ ಒಂದು ಹೊಂದುವಂತೆ ಮಾಡಿಲ್ಲ. ಒಂದರಲ್ಲಿ ಅಕ್ಷರ ಅಗಲ, ಇನ್ನೊಂದರಲ್ಲಿ ಒತ್ತಕ್ಷರಕ್ಕೆ ಬಿಟ್ಟ ಜಾಗ ಹೆಚ್ಚು. ಗಾತ್ರ 28 ಎಂದೇ ಇದ್ದರೂ ಸಾಲಿನ ಉದ್ದವೂ ಎತ್ತರವೂ ಬದಲಾಗುತ್ತವೆ. ಸಾಲು ಉದ್ದವಾದರೆ ಮುರಿಯುತ್ತದೆ, ಮುರಿದರೆ ಪೆಟ್ಟಿಗೆ ತುಂಬುತ್ತದೆ, ತುಂಬಿದರೆ ಕೆಳಗಿನದರ ಮೇಲೆ ಬೀಳುತ್ತದೆ. ವಿನ್ಯಾಸ ಕೆಟ್ಟಿತು ಎಂದು ನಾವು ಹೇಳುವ ಬಹಳಷ್ಟು ಪ್ರಸಂಗಗಳ ಬೇರು ಇಲ್ಲಿದೆ.

ಮೂರು ಪರದೆ, ಮೂರು ಅಳತೆ

ಎರಡನೆಯ ಕಾರಣ ಸ್ಲೈಡಿನ ಅಳತೆ. ಮೂರು ತಂತ್ರಾಂಶಗಳಲ್ಲೂ ಹೊಸ ಸ್ಲೈಡು 16:9 ಆಕಾರದ್ದೇ, ನೋಡಲು ಒಂದೇ ಥರ. ಆದರೆ ಒಳಗಿನ ಅಳತೆ ಬೇರೆ. ಪವರ್‌ಪಾಯಿಂಟ್ 2013ರಿಂದ ಈಚೆಗೆ ಹೊಸ ಸ್ಲೈಡಿನ ಅಗಲ 13.33 ಇಂಚು. ಗೂಗಲ್ ಸ್ಲೈಡ್ಸ್‌ನಲ್ಲಿ 10 ಇಂಚು. ಕೀನೋಟ್‌ನ ಅಗಲ ಸ್ಲೈಡು 1920 ಪಾಯಿಂಟ್, ಅಂದರೆ 26.67 ಇಂಚು. ಫಾಂಟಿನ ಗಾತ್ರವೋ ಎಲ್ಲೆಡೆ ಒಂದೇ ಅಳತೆ, 72 ಪಾಯಿಂಟಿಗೆ ಒಂದು ಇಂಚು.

ಹಾಗಾಗಿ ಪವರ್‌ಪಾಯಿಂಟ್‌ನಲ್ಲಿ 28 ಪಾಯಿಂಟ್ ಇರುವ ಸಾಲು ಪರದೆಯಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೋ, ಅಷ್ಟೇ ದೊಡ್ಡದಾಗಿ ಕಾಣಲು ಗೂಗಲ್ ಸ್ಲೈಡ್ಸ್‌ನ ಹೊಸ ಕಡತದಲ್ಲಿ 21 ಪಾಯಿಂಟ್ ಸಾಕು, ಕೀನೋಟ್‌ನಲ್ಲಿ 56 ಬೇಕು. ಇಡೀ ಕಡತವನ್ನು ತೆರೆದಾಗ ಸ್ಲೈಡಿನ ಅಳತೆಯೂ ಜೊತೆಗೇ ಬರುವುದರಿಂದ ಇದು ಅಷ್ಟಾಗಿ ತೊಂದರೆ ಕೊಡದು. ಒಂದು ಕಡತದ ಪಠ್ಯಪೆಟ್ಟಿಗೆಗಳನ್ನು ನಕಲಿಸಿ ಇನ್ನೊಂದರಲ್ಲಿ ಅಂಟಿಸಿದಾಗ ಮಾತ್ರ ಅಕ್ಷರ ಒಮ್ಮೆಗೇ ಹಿಗ್ಗಿದಂತೆಯೋ ಕುಗ್ಗಿದಂತೆಯೋ ಕಾಣುತ್ತದೆ. ಆಗ ಫಾಂಟನ್ನು ದೂರಿ ಪ್ರಯೋಜನವಿಲ್ಲ, ಎರಡೂ ಕಡೆಯ ಸ್ಲೈಡ್ ಅಳತೆ ನೋಡಬೇಕು. ಪವರ್‌ಪಾಯಿಂಟ್‌ನಲ್ಲಿ Design ಅಡಿಯ Slide Size, ಗೂಗಲ್‌ನಲ್ಲಿ File ಅಡಿಯ Page setup, ಕೀನೋಟ್‌ನಲ್ಲಿ ಬಲಬದಿಯ Document ಫಲಕ ಇದನ್ನು ತೋರಿಸುತ್ತವೆ. ಹಲವರು ಸೇರಿ ಮಾಡುವ ಕಡತವಾದರೆ ಮೊದಲ ಸ್ಲೈಡಿಗೆ ಕೈ ಹಾಕುವ ಮುನ್ನವೇ ಎಲ್ಲರೂ ಒಂದೇ ಅಳತೆ ಇಟ್ಟುಕೊಳ್ಳುವುದು ಲೇಸು. ಗೂಗಲ್‌ನ Page setup ನಲ್ಲಿ Custom ಆರಿಸಿ 13.333 ಮತ್ತು 7.5 ಇಂಚು ಎಂದು ಬರೆದರೆ ಅದು ಪವರ್‌ಪಾಯಿಂಟ್‌ಗೆ ಸಮನಾಗುತ್ತದೆ.

ಒಂದು ಕಡತದ ಚಿಕಿತ್ಸೆ

ಈಗ ಒಂದು ಉದಾಹರಣೆ ಕಲ್ಪಿಸಿಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ಮಳೆನೀರು ಸಂಗ್ರಹದ ಬಗ್ಗೆ ಇಪ್ಪತ್ತು ಸ್ಲೈಡುಗಳನ್ನು ವಿಂಡೋಸ್ ಪವರ್‌ಪಾಯಿಂಟ್‌ನಲ್ಲಿ ಮಾಡಿದ್ದಾರೆ. ಫಾಂಟ್ ನಿರ್ಮಲಾ ಯುಐ. ಸಹೋದ್ಯೋಗಿಗಳು ಅದನ್ನು ಗೂಗಲ್ ಸ್ಲೈಡ್ಸ್‌ನಲ್ಲಿ ತಿದ್ದುತ್ತಾರೆ. ಕಾರ್ಯಾಗಾರದ ದಿನ ಸಭಾಂಗಣದಲ್ಲಿರುವುದು ಮ್ಯಾಕ್. ಕಡತದಲ್ಲಿ ಮೂರು ಬಗೆಯ ಸ್ಲೈಡುಗಳಿವೆ: ಉದ್ದ ಶೀರ್ಷಿಕೆಯವು, ಒಂದು ಲೆಕ್ಕದ ಕೋಷ್ಟಕ, ಮತ್ತು ಛಾವಣಿಯಿಂದ ತೊಟ್ಟಿಗೆ ನೀರು ಹರಿಯುವ ಚಿತ್ರದ ಮೇಲೆ ಸಣ್ಣ ಸಣ್ಣ ಪಟ್ಟಿಗಳು.

ಮೊದಲ ಕೆಲಸ, ಮೂಲ ಕಂಪ್ಯೂಟರಿನಲ್ಲೇ ಕಡತದ ಒಂದು ಪಿಡಿಎಫ್ ಪ್ರತಿ ತೆಗೆದಿಡುವುದು. ಸರಿಯಾದ ರೂಪ ಯಾವುದೆಂಬುದಕ್ಕೆ ಅದೇ ಸಾಕ್ಷಿ. ಅದಿಲ್ಲದಿದ್ದರೆ, ಸಾಲು ಮೊದಲು ಎಲ್ಲಿ ಮುರಿಯುತ್ತಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಎರಡನೆಯದು, ಯಾವ ಫಾಂಟ್ ಕಾಣೆಯಾಗಿದೆ ಎಂದು ಪತ್ತೆಹಚ್ಚುವುದು. ಇಲ್ಲಿ ಒಂದು ಬಲೆ ಇದೆ. ಅಕ್ಷರ ಆಯ್ದು ಮೇಲಿನ ಫಾಂಟ್ ಪೆಟ್ಟಿಗೆ ನೋಡಿದರೆ ಪವರ್‌ಪಾಯಿಂಟ್ ಹಳೆಯ ಹೆಸರನ್ನೇ ತೋರಿಸುತ್ತದೆ, ಬಿಡಿಸಿರುವುದು ಬೇರೆ ಫಾಂಟಿನಲ್ಲಿ ಆದರೂ. ಕಡತದಲ್ಲಿ ಬರೆದಿರುವುದನ್ನು ಅದು ಓದಿ ಹೇಳುತ್ತಿದೆ ಅಷ್ಟೆ. ಆದ್ದರಿಂದ Home ಅಡಿಯ Replace ಪಕ್ಕದ ಬಾಣ ಒತ್ತಿ Replace Fonts ತೆರೆಯಬೇಕು. ಕಡತದಲ್ಲಿ ಬಳಸಿರುವ ಫಾಂಟುಗಳೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಈ ಕಂಪ್ಯೂಟರಿನಲ್ಲಿ ಇಲ್ಲದವುಗಳ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಕೀನೋಟ್ ಇನ್ನೂ ನೇರ, ಫಾಂಟ್ ಇಲ್ಲದಿದ್ದರೆ ತೆರೆದ ಕೂಡಲೇ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ಮುಚ್ಚಿ ಮುಂದೆ ಹೋಗುವುದೇ ಹಲವರ ತೊಂದರೆಯ ಶುರು. ಗೂಗಲ್ ಸ್ಲೈಡ್ಸ್‌ನಲ್ಲಿ ಅಂಥ ಎಚ್ಚರಿಕೆಗೆ ಕಾಯಬಾರದು, ಕಣ್ಣಿನಿಂದಲೇ ಹೋಲಿಸಿ ನೋಡಬೇಕು.

ಮೂರನೆಯದು, ಮೂರೂ ಕಡೆ ಸಿಗುವ ಒಂದು ಫಾಂಟಿಗೆ ಬದಲಾಗುವುದು. ಕನ್ನಡಕ್ಕೆ ನಾನು ಹೇಳುವುದು ನೋಟೋ ಸ್ಯಾನ್ಸ್ ಕನ್ನಡ. ಗೂಗಲ್ ಸ್ಲೈಡ್ಸ್‌ನಲ್ಲಿ ಫಾಂಟ್ ಪಟ್ಟಿಯ More fonts ತೆರೆದು Noto Sans Kannada ಎಂದು ಹುಡುಕಿದರೆ ಸಿಗುತ್ತದೆ. ವಿಂಡೋಸ್ ಮತ್ತು ಮ್ಯಾಕ್‌ಗೆ fonts.google.com ನಿಂದ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು, ಹಂಚಲು ಅದರ ಮುಕ್ತ ಪರವಾನಗಿ ಅಡ್ಡಿ ಮಾಡುವುದಿಲ್ಲ. ಇಳಿಸಿದ ಗಂಟಿನಲ್ಲಿ ಒಂದೇ ಕಡತದೊಳಗೆ ಎಲ್ಲ ದಪ್ಪಗಳನ್ನೂ ಸೇರಿಸಿದ ವೇರಿಯಬಲ್ ಫಾಂಟ್ ಇರುತ್ತದೆ, ಜೊತೆಗೆ static ಎಂಬ ಕೋಶವೂ ಇರುತ್ತದೆ. ಪವರ್‌ಪಾಯಿಂಟ್ ವೇರಿಯಬಲ್ ಫಾಂಟನ್ನು ಚೆನ್ನಾಗಿ ನಿಭಾಯಿಸುವುದಿಲ್ಲ, ಹಾಗಾಗಿ static ಕೋಶದ Regular ಮತ್ತು Bold ಎರಡನ್ನು ಸ್ಥಾಪಿಸಬೇಕು. ಬೋಲ್ಡ್ ಬಿಟ್ಟುಬಿಡಬಾರದು. ಅದಿಲ್ಲದಿದ್ದರೆ ತಂತ್ರಾಂಶ ಸಾಮಾನ್ಯ ಅಕ್ಷರವನ್ನೇ ಕೃತಕವಾಗಿ ದಪ್ಪಗೊಳಿಸುತ್ತದೆ, ಆಗ ಥ, ಧ, ಭಗಳ ಒಳಗಿನ ಸಣ್ಣ ಜಾಗಗಳು ಮುಚ್ಚಿಹೋಗಿ ಹಿಂದಿನ ಸಾಲಿನವರಿಗೆ ಓದಲಾಗದು. ಸ್ಥಾಪಿಸಿದ ಮೇಲೆ ತಂತ್ರಾಂಶವನ್ನು ಪೂರ್ತಿ ಮುಚ್ಚಿ ತೆರೆಯಬೇಕು.

ಆಮೇಲೆ ಬದಲಾವಣೆಯನ್ನು ಸ್ಲೈಡುಗಳ ಮೇಲೆ ಮಾಡದೆ ಅವುಗಳ ಮಾದರಿಯಲ್ಲಿ ಮಾಡಬೇಕು. ಪವರ್‌ಪಾಯಿಂಟ್‌ನಲ್ಲಿ View ಅಡಿಯ Slide Master, ಗೂಗಲ್‌ನಲ್ಲಿ View ಅಡಿಯ Theme builder, ಕೀನೋಟ್‌ನಲ್ಲಿ ಸ್ಲೈಡ್ ಲೇಔಟ್ ತಿದ್ದುವ ನೋಟ. ಅಲ್ಲಿ ಎಲ್ಲಕ್ಕಿಂತ ಮೇಲಿರುವ ಮಾದರಿಯ ಶೀರ್ಷಿಕೆ ಮತ್ತು ಮೈಬರಹದ ಪೆಟ್ಟಿಗೆಗಳಿಗೆ ಹೊಸ ಫಾಂಟ್ ಕೊಟ್ಟರೆ, ಮಾದರಿಯನ್ನು ಅನುಸರಿಸುವ ಸ್ಲೈಡುಗಳೆಲ್ಲ ಒಟ್ಟಿಗೆ ಬದಲಾಗುತ್ತವೆ. ಶಿಕ್ಷಕಿಯ ಕಡತದಲ್ಲಿ ಶೀರ್ಷಿಕೆಗಳೆಲ್ಲ ಹೀಗೆ ಬದಲಾದರೂ ಚಿತ್ರದ ಮೇಲಿನ ಪಟ್ಟಿಗಳು ಹಾಗೇ ಉಳಿದವು ಎನ್ನೋಣ. ಕಾರಣ, ಅವು ಮಾದರಿಯಿಂದ ಬಂದವಲ್ಲ, Insert ಮಾಡಿ ಬಿಡಿಯಾಗಿ ಫಾಂಟ್ ಕೊಟ್ಟ ಪೆಟ್ಟಿಗೆಗಳು. ಇಂಥವಕ್ಕೇ Replace Fonts ಇರುವುದು. ನಿರ್ಮಲಾ ಬದಲಿಗೆ ನೋಟೋ ಎಂದು ಕೊಟ್ಟ ಮೇಲೆ ಪಟ್ಟಿಯನ್ನು ಮತ್ತೊಮ್ಮೆ ತೆರೆದು ಹಳೆಯ ಹೆಸರು ಉಳಿದಿದೆಯೇ ಎಂದು ನೋಡಬೇಕು. ಒಂದು ಸಾಲಿನೊಳಗೆ ಎರಡು ಫಾಂಟ್ ಹೆಸರುಗಳು ಇರುತ್ತವೆಂದು ಮೇಲೆ ನೋಡಿದೆವಲ್ಲ, ಇಂಗ್ಲಿಷಿನದು ಬದಲಾಗಿ ಕನ್ನಡದ್ದು ಹಾಗೇ ಉಳಿಯುವುದುಂಟು. ಆಗ ಆ ಸಾಲನ್ನು ಆಯ್ದು ಫಾಂಟನ್ನು ಕೈಯಾರೆ ಕೊಡಬೇಕು. ಕೀನೋಟ್‌ನಲ್ಲೂ Format ಅಡಿಯ Font ಪಟ್ಟಿಯಲ್ಲಿ Replace Fonts ಇದೆ.

ತಾನಾಗಿ ಕುಗ್ಗುವ ಅಕ್ಷರ

ಫಾಂಟ್ ಒಂದಾದ ಮೇಲೂ ಕೆಲವು ಪೆಟ್ಟಿಗೆಗಳಲ್ಲಿ ಅಕ್ಷರ ಒಂದೆಡೆ ದೊಡ್ಡದು, ಇನ್ನೊಂದೆಡೆ ಸಣ್ಣದು ಕಾಣುತ್ತದೆ. ಇದರ ಹಿಂದೆ ಇರುವುದು ಪೆಟ್ಟಿಗೆಗೆ ತಕ್ಕಂತೆ ಪಠ್ಯವನ್ನು ತಾನಾಗಿ ಕುಗ್ಗಿಸುವ ಸೌಲಭ್ಯ. ಬರಹ ಹೆಚ್ಚಾದಾಗ ಪವರ್‌ಪಾಯಿಂಟ್ ಗಾತ್ರವನ್ನು ಸದ್ದಿಲ್ಲದೆ ಇಳಿಸುತ್ತದೆ, ಎಷ್ಟು ಇಳಿಸಿದೆ ಎಂಬ ಪ್ರಮಾಣವನ್ನು ಕಡತದಲ್ಲಿ ಹೀಗೆ ಬರೆದಿಡುತ್ತದೆ:

```xml
<a:normAutofit fontScale="92500" lnSpcReduction="10000"/>
```

ಅಕ್ಷರವನ್ನು 92.5 ಶೇಕಡಕ್ಕೆ ಇಳಿಸು, ಸಾಲಿನ ಅಂತರದಲ್ಲಿ 10 ಶೇಕಡ ಕಡಿಮೆ ಮಾಡು ಎಂದು ಇದರ ಅರ್ಥ. ಈ ಲೆಕ್ಕ ಪವರ್‌ಪಾಯಿಂಟ್ ತನ್ನ ಫಾಂಟನ್ನು ಅಳೆದು ಹಾಕಿದ್ದು. ಬೇರೆ ತಂತ್ರಾಂಶ ಇದನ್ನು ತನ್ನ ಲೆಕ್ಕದಿಂದ ಮತ್ತೆ ಮಾಡಬಹುದು, ಅಥವಾ ಬಿಟ್ಟುಬಿಡಬಹುದು. ಪವರ್‌ಪಾಯಿಂಟ್ ಕೂಡ ಹಳೆಯ ಪ್ರಮಾಣವನ್ನೇ ಇಟ್ಟುಕೊಂಡು, ಯಾರಾದರೂ ಆ ಪೆಟ್ಟಿಗೆಯಲ್ಲಿ ಅಕ್ಷರ ತಿದ್ದಿದಾಗ ಹೊಸ ಲೆಕ್ಕ ಹಾಕುವುದುಂಟು. ಮುಟ್ಟಿದ ಕೂಡಲೇ ಪಠ್ಯ ಜಿಗಿಯುವುದು ಇದರಿಂದಲೇ.

ಪರಿಹಾರ ಸರಳ. ಕಡತ ಬೇರೆಡೆಗೆ ಹೋಗುವುದಿದ್ದರೆ ಈ ಸೌಲಭ್ಯವನ್ನು ಆರಿಸಬೇಕು. ಪವರ್‌ಪಾಯಿಂಟ್‌ನಲ್ಲಿ ಪೆಟ್ಟಿಗೆಯ ಮೇಲೆ ಬಲ ಗುಂಡಿ ಒತ್ತಿ Format Shape, ಅದರಲ್ಲಿ Text Box, ಅಲ್ಲಿ Do not Autofit. ಗೂಗಲ್‌ನಲ್ಲಿ Format options ಒಳಗೆ ಇದೇ ಹೆಸರಿನ ಆಯ್ಕೆಯಿದೆ, ಕೀನೋಟ್‌ನಲ್ಲಿ Shrink text to fit ಎಂಬುದರ ಗುರುತು ತೆಗೆಯಬೇಕು. ಇದನ್ನೂ ಮಾದರಿಯಲ್ಲೇ ಮಾಡಿದರೆ ಒಳ್ಳೆಯದು. ಆರಿಸಿದ ಮೇಲೆ ಗಾತ್ರವನ್ನು ನಾವೇ ನಿಶ್ಚಯಿಸಿ, ಪ್ರತಿ ಪೆಟ್ಟಿಗೆಯ ಅಗಲ ಮತ್ತು ಎತ್ತರದಲ್ಲಿ ಹತ್ತರಲ್ಲೊಂದು ಪಾಲಿನಷ್ಟಾದರೂ ಖಾಲಿ ಬಿಡಬೇಕು. ಶಿಕ್ಷಕಿಯ ಶೀರ್ಷಿಕೆ ಪೆಟ್ಟಿಗೆ 11.5 ಇಂಚು ಅಗಲವಿದೆ ಎಂದುಕೊಳ್ಳೋಣ. 'ನಮ್ಮ ಶಾಲೆಯ ಛಾವಣಿಯಿಂದ ವರ್ಷಕ್ಕೆ ಎಷ್ಟು ನೀರು?' ಎಂಬ ಸಾಲು ಸುಮಾರು 10.3 ಇಂಚಿನೊಳಗೆ ಮುಗಿಯುವಂತಿದ್ದರೆ ಚೂರುಪಾರು ವ್ಯತ್ಯಾಸವನ್ನು ಅದು ತಾಳಿಕೊಳ್ಳುತ್ತದೆ. ಅಂಚಿಗೆ ತಾಗುವಂತಿದ್ದರೆ ಕೊನೆಯ 'ನೀರು?' ಎಲ್ಲೋ ಒಂದು ಕಡೆ ಕೆಳಗೆ ಬೀಳುವುದು ಖಂಡಿತ.

ಕೋಷ್ಟಕ ಮತ್ತು ಒತ್ತಕ್ಷರ

ಮುಂದಿನದು ಕೋಷ್ಟಕ. 200 ಚದರ ಮೀಟರ್ ಛಾವಣಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ, ಹರಿದು ಸಿಗುವ ಪಾಲು 0.8, ಒಟ್ಟು 1,28,000 ಲೀಟರ್ ಎಂಬಂಥ ಲೆಕ್ಕ ಎಂಟು ಸಾಲುಗಳಲ್ಲಿದೆ ಎನ್ನೋಣ. ಪವರ್‌ಪಾಯಿಂಟ್ ಕೋಷ್ಟಕದಲ್ಲಿ ನಾವು ಕೊಡುವ ಸಾಲಿನ ಎತ್ತರ ಕನಿಷ್ಠ ಎತ್ತರ ಮಾತ್ರ. ಒಳಗಿನ ಪಠ್ಯಕ್ಕೆ ಜಾಗ ಸಾಲದಿದ್ದರೆ ಸಾಲು ತಾನೇ ಬೆಳೆಯುತ್ತದೆ, ಪಠ್ಯಕ್ಕಿಂತ ಕಿರಿದಾಗಿ ಅದನ್ನು ಎಳೆಯಲು ಬರುವುದಿಲ್ಲ. ಮೇಲೆ ಕೆಳಗೆ ಹೆಚ್ಚು ಜಾಗ ಬೇಡುವ ಫಾಂಟ್ ಬಂದಾಗ ಪ್ರತಿ ಸಾಲೂ ಒಂದಿಷ್ಟು ಉಬ್ಬಿ, ಎಂಟನೆಯದು ಪರದೆಯಿಂದ ಆಚೆ ಹೋಗುತ್ತದೆ. ಅಂಚು ಹಿಡಿದೆಳೆದರೂ ಕೋಷ್ಟಕ ಕುಗ್ಗದಿದ್ದರೆ ಕಾರಣ ಇದೇ. ಆಗ ಕೋಶದ ಒಳ ಅಂಚುಗಳನ್ನು ಕಡಿಮೆ ಮಾಡಬೇಕು, ಇಲ್ಲವೇ ಅಕ್ಷರವನ್ನು ಎರಡು ಪಾಯಿಂಟ್ ಇಳಿಸಬೇಕು. ಅದಕ್ಕಿಂತ ಒಳ್ಳೆಯದು, ಎಂಟು ಸಾಲನ್ನು ನಾಲ್ಕು ನಾಲ್ಕಾಗಿ ಎರಡು ಸ್ಲೈಡಿಗೆ ಹಂಚುವುದು.

ಸಾಲುಗಳ ನಡುವಿನ ಅಂತರದಲ್ಲೂ ಎಚ್ಚರ ಬೇಕು. 'ರಾಷ್ಟ್ರೀಯ', 'ಸ್ತ್ರೀ' ಥರದ ಪದಗಳಲ್ಲಿ ಒತ್ತು ಎರಡು ಅಂತಸ್ತು ಇಳಿಯುತ್ತದೆ. ಇಂಗ್ಲಿಷಿಗೆ ಸಾಕಾಗುವ ಅಂತರ ಇಲ್ಲಿ ಸಾಲದು. ಪವರ್‌ಪಾಯಿಂಟ್‌ನಲ್ಲಿ Exactly ಎಂದು ಇಷ್ಟೇ ಪಾಯಿಂಟ್ ಅಂತರ ಎಂದು ಕಟ್ಟಿಹಾಕಬಹುದು, ಆದರೆ ಗೂಗಲ್ ಸ್ಲೈಡ್ಸ್‌ನಲ್ಲಿ ಅಂತರವೆಂದರೆ 1, 1.15, 1.5 ಎಂಬಂಥ ಪಟ್ಟು ಮಾತ್ರ. ಅಲ್ಲಿಗೂ ಹೋಗುವ ಕಡತವಾದರೆ ಮೊದಲಿನಿಂದಲೂ ಪಟ್ಟಿನ ಲೆಕ್ಕವನ್ನೇ ಬಳಸುವುದು ಕ್ಷೇಮ. ಪರೀಕ್ಷೆಗೆ 'ರಾಷ್ಟ್ರೀಯ ಕ್ಷೇತ್ರ, ಸ್ತ್ರೀ, ಕಾರ್ಖಾನೆ, ಜ್ಞಾನ' ಎಂಬ ಸಾಲನ್ನು ಒಂದೇ ಪೆಟ್ಟಿಗೆಯಲ್ಲಿ ಎರಡು ಬಾರಿ, ಒಂದರ ಕೆಳಗೊಂದು ಬರೆದು ಮೂರೂ ಕಡೆ ತೆರೆದು ನೋಡಬಹುದು. ಒತ್ತುಗಳು ಕೆಳಸಾಲಿಗೆ ತಾಗದಿದ್ದರೆ, ಅರ್ಕಾವತ್ತು ತನ್ನ ಜಾಗದಲ್ಲಿದ್ದರೆ ಉಳಿದದ್ದೂ ಸರಿಯಿರುತ್ತದೆ ಎಂದು ನಂಬಬಹುದು.

ನುಡಿ, ಬರಹದ ಹಳೆಯ ಕಡತಗಳು

ಕನ್ನಡದಲ್ಲಿ ಎದುರಾಗುವ ಇನ್ನೊಂದು ಸಂಗತಿಯಿದೆ. ಸ್ಲೈಡಿನಲ್ಲಿ ಕನ್ನಡದ ಬದಲು PÀ£ÀßqÀ ಎಂಬಂಥ ಅಕ್ಷರಗಳು ಕಂಡರೆ ಅದು ಫಾಂಟ್ ಬದಲಾವಣೆಯಿಂದ ಸರಿಯಾಗುವಂಥದ್ದಲ್ಲ. ಅದು ಯೂನಿಕೋಡ್ ಬರುವ ಮುಂಚಿನ ಪದ್ಧತಿಯಲ್ಲಿ, ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ಪಠ್ಯ. ಕಡತದೊಳಗೆ ನಿಜವಾಗಿ ಇರುವುದು ಲ್ಯಾಟಿನ್ ಚಿಹ್ನೆಗಳೇ, ಆ ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕುತ್ತಿತ್ತು. ಗೂಗಲ್ ಸ್ಲೈಡ್ಸ್‌ಗೆ ಆ ಫಾಂಟ್ ಸೇರಿಸಲು ಬರುವುದಿಲ್ಲ, ಹಾಗಾಗಿ ಪಠ್ಯವನ್ನೇ ಯೂನಿಕೋಡ್‌ಗೆ ಪರಿವರ್ತಿಸಬೇಕು. ನುಡಿ, ಬರಹ ಎರಡರಲ್ಲೂ ಪರಿವರ್ತಕಗಳಿವೆ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನು ಬಿಟ್ಟು ಕನ್ನಡದ ಭಾಗಗಳನ್ನಷ್ಟೇ ಪರಿವರ್ತಿಸಬೇಕು, ಇಲ್ಲದಿದ್ದರೆ ಇಂಗ್ಲಿಷೂ ಕನ್ನಡದ ಅರ್ಥವಿಲ್ಲದ ಅಕ್ಷರಗಳಾಗುತ್ತದೆ. ಪರಿವರ್ತಿಸಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ತಾಳೆ ನೋಡಬೇಕು.

ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ

ಫಾಂಟನ್ನು ಕಡತದೊಳಗೇ ಹುದುಗಿಸಿ ಕಳಿಸಬಹುದಲ್ಲ ಎಂದು ಕೇಳಬಹುದು. ಪವರ್‌ಪಾಯಿಂಟ್‌ನ File, Options, Save ಎಂಬಲ್ಲಿ Embed fonts in the file ಎಂಬ ಆಯ್ಕೆಯಿದೆ. ಪವರ್‌ಪಾಯಿಂಟ್‌ನಿಂದ ಪವರ್‌ಪಾಯಿಂಟ್‌ಗೆ ಹೋಗುವಾಗ, ಫಾಂಟಿನ ಪರವಾನಗಿ ಒಪ್ಪಿದರೆ, ಇದು ಕೆಲಸ ಮಾಡುತ್ತದೆ. ಬೇರೆಯವರು ತಿದ್ದುವುದಿದ್ದರೆ ಬಳಸಿದ ಅಕ್ಷರಗಳನ್ನಷ್ಟೇ ಅಲ್ಲದೆ ಎಲ್ಲ ಅಕ್ಷರಗಳನ್ನೂ ಹುದುಗಿಸುವ ಆಯ್ಕೆಯನ್ನು ಒತ್ತಬೇಕು. ಆದರೆ ಕೀನೋಟ್ ಮತ್ತು ಗೂಗಲ್ ಸ್ಲೈಡ್ಸ್ ವಿಷಯದಲ್ಲಿ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಕೆಲವು ವಸ್ತುಗಳು ದಾಟುವಾಗ ಸೊರಗುತ್ತವೆ. ಪವರ್‌ಪಾಯಿಂಟ್‌ನ ಮಾರ್ಫ್ ಚಲನೆ ಗೂಗಲ್ ಸ್ಲೈಡ್ಸ್‌ನಲ್ಲಿ ಇಲ್ಲ. ಸ್ಮಾರ್ಟ್‌ಆರ್ಟ್ ಚಿತ್ರಗಳು ಬಿಡಿ ಆಕೃತಿಗಳ ಗುಂಪಾಗಿಯೋ ಚಿತ್ರವಾಗಿಯೋ ಉಳಿಯುತ್ತವೆ, ಮೊದಲಿನಂತೆ ತಿದ್ದಲು ಬರುವುದಿಲ್ಲ. ಹೀಗಾಗಿ ಒಂದು ಕಡತವನ್ನು ಮೂರು ತಂತ್ರಾಂಶಗಳ ನಡುವೆ ಮತ್ತೆ ಮತ್ತೆ ಓಡಾಡಿಸಬಾರದು. ಕೀನೋಟ್ ಪಿಪಿಟಿಎಕ್ಸ್ ತೆರೆದಾಗ ಅದನ್ನು ತನ್ನ ರೂಪಕ್ಕೆ ಪರಿವರ್ತಿಸಿಕೊಳ್ಳುತ್ತದೆ, ವಾಪಸ್ ಕಳಿಸುವಾಗ ಮತ್ತೊಂದು ಪರಿವರ್ತನೆ. ಪ್ರತಿ ಸಲವೂ ಏನಾದರೊಂದು ಸವೆಯುತ್ತದೆ. ಎಲ್ಲರೂ ಸೇರಿ ತಿದ್ದುವುದು ಗೂಗಲ್‌ನಲ್ಲಿ ಎಂದಾದರೆ ಕೊನೆಯವರೆಗೂ ಅಲ್ಲೇ ತಿದ್ದಬೇಕು, ಬೇರೆಡೆ ತೆಗೆದ ಪ್ರತಿ ತೋರಿಸಲಿಕ್ಕೆ ಮಾತ್ರ.

ನಮ್ಮ ಶಿಕ್ಷಕಿಗೆ ಇದರಿಂದ ಸಿಗುವ ದಾರಿ ಸ್ಪಷ್ಟ. ಅಳತೆ 13.333 ಇಂಚು, ಮಾದರಿಯಲ್ಲಿ ನೋಟೋ ಸ್ಯಾನ್ಸ್ ಕನ್ನಡ, ತಾನಾಗಿ ಕುಗ್ಗುವ ಸೌಲಭ್ಯ ಆರಿಸಿದೆ, ಸಹೋದ್ಯೋಗಿಗಳ ತಿದ್ದುಪಡಿಯೆಲ್ಲ ಗೂಗಲ್‌ನಲ್ಲಿ. ಸಭಾಂಗಣದ ಮ್ಯಾಕ್‌ಗೆ ಬ್ರೌಸರಿನಲ್ಲೇ ತೆರೆದು ತೋರಿಸಬಹುದು. ಅಲ್ಲಿ ಇಂಟರ್ನೆಟ್ ನಂಬುವಂತಿಲ್ಲದಿದ್ದರೆ ಪಿಡಿಎಫ್ ಪ್ರತಿ ಒಯ್ಯಬಹುದು. ಪಿಡಿಎಫ್‌ನಲ್ಲಿ ಅಕ್ಷರದ ಆಕಾರ ಜೊತೆಗೇ ಹೋಗುತ್ತದೆ. ಅಕ್ರೊಬ್ಯಾಟ್ ರೀಡರ್‌ನಲ್ಲಿ Properties ತೆರೆದು Fonts ಪುಟದಲ್ಲಿ ಪ್ರತಿ ಹೆಸರಿನ ಪಕ್ಕ Embedded Subset ಅಥವಾ Embedded ಎಂದಿದೆಯೇ ನೋಡಿದರೆ ಖಾತ್ರಿಯಾಗುತ್ತದೆ. ಅದರಲ್ಲಿ ಚಲನೆ, ವಿಡಿಯೊ ಇರುವುದಿಲ್ಲ, ಕೊನೆಗಳಿಗೆಯ ತಿದ್ದುಪಡಿಯೂ ಆಗದು. ಒಂದೊಂದಾಗಿ ಅಂಶಗಳು ಮೂಡುವ ಸ್ಲೈಡುಗಳಿದ್ದರೆ, ಪ್ರತಿ ಹಂತಕ್ಕೂ ಒಂದು ಸ್ಲೈಡು ಮಾಡಿ ಅನಂತರ ಪಿಡಿಎಫ್ ತೆಗೆದರೆ ಹೇಳುವ ಕ್ರಮ ಹಾಳಾಗುವುದಿಲ್ಲ.

ಇಷ್ಟಾದ ಮೇಲೆ ಕೈಯಿಂದ ಸರಿಪಡಿಸಬೇಕಾದವು ಕೆಲವೇ ಉಳಿಯುತ್ತವೆ: ಚಿತ್ರದ ಮೇಲಿನ ಪಟ್ಟಿಗಳು, ಹಂಚಿದ ಕೋಷ್ಟಕ, ಎಲ್ಲೋ ಒಂದು ಮುರಿದ ಶೀರ್ಷಿಕೆ. ಮೊದಲೇ ತೆಗೆದಿಟ್ಟ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಅವನ್ನು ಈಗ ಎಳೆದು ಕೂರಿಸಬಹುದು. ಅಳತೆ, ಫಾಂಟ್, ಮಾದರಿ ಮೂರೂ ಸ್ಥಿರವಾದ ಮೇಲೆ ಮಾಡಿದ ಈ ಕೆಲಸ ಮುಂದಿನ ಸಲ ತೆರೆದಾಗಲೂ ಹಾಗೇ ಇರುತ್ತದೆ.